ಫೋನಲ್ಲಿ ಅಜ್ಜಿ ‘ಅಜಿ’ ಆದಳು

ಮಕ್ಕಳ ಚಿತ್ರಕಥೆಯ ಪಿಡಿಎಫ್ ಮಾಡೋಣ ಅಂತ ಕೂತಾಗ ನಾವು ಮೊದಲು ತೆರೆದದ್ದು ಎ4 ಪುಟ. ಒಬ್ಬ ಅಜ್ಜಿ, ಅವಳ ಬೆಕ್ಕು, ಒಂದು ಮಳೆಗಾಲ. ಹನ್ನೆರಡು ಪುಟ, ಪುಟದ ತುಂಬಾ ಚಿತ್ರ, 24 ಪಾಯಿಂಟ್ ಅಕ್ಷರ. ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಕಾಣಿಸ್ತು. ಗೆಳೆಯನ ಅಕ್ಕನ ಮಗಳು ಎರಡನೇ ಕ್ಲಾಸು. ಅವಳಿಗೆ ವಾಟ್ಸಾಪಲ್ಲಿ ಕಳಿಸಿದ್ವಿ. ಅವಳು ‘ಅಜ್ಜಿ’ಯನ್ನು ‘ಅಜಿ’ ಅಂತ ಓದಿದಳು, ‘ಬೆಕ್ಕು’ ‘ಬೆಕು’ ಆಯ್ತು. ಮೂರನೇ ಪುಟಕ್ಕೆ ‘ನಂಗೆ ಓದಕ್ಕೆ ಬರಲ್ಲ’ ಅಂತ ಫೋನ್ ವಾಪಸ್ ಕೊಟ್ಟಳು.

ತಪ್ಪು ಅವಳದಲ್ಲ, ನಮ್ಮ ಪುಟದ್ದು ಅನ್ನೋದು ನಮ್ಮ ವಾದ. ಲೆಕ್ಕ ಸುಲಭ. ಎ4 ಅಗಲ 21 ಸೆಂ.ಮೀ., ಫೋನ್ ಪರದೆ ಸುಮಾರು 7 ಸೆಂ.ಮೀ. ಪುಟ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತೆ, 24 ಪಾಯಿಂಟ್ ಅಕ್ಷರ 8 ಪಾಯಿಂಟ್ ಆಗುತ್ತೆ. ‘ಜೂಮ್ ಮಾಡ್ಲಿ ಬಿಡು’ ಅಂದ ಒಬ್ಬ ಗೆಳೆಯ. ಜೂಮ್ ಮಾಡಿದರೆ ಬೆಕ್ಕಿನ ಬಾಲ ಮಾತ್ರ ಉಳಿಯುತ್ತೆ, ಸಾಲಿನ ಅರ್ಧ ಪರದೆಯಾಚೆ ಹೋಗುತ್ತೆ. ಚಿತ್ರ ನೋಡಿ ಪದ ಊಹಿಸೋ ಮಗುವಿಗೆ ಎರಡೂ ಒಟ್ಟಿಗೆ ಕಾಣಬೇಕು.

ಇನ್ನೊಂದು ತಪ್ಪು ಸಾಲುಗಳ ನಡುವೆ ಇತ್ತು. ಸಾಫ್ಟ್‌ವೇರ್ ತಾನಾಗೇ ಕೊಟ್ಟ ಅಂತರ, 24 ಪಾಯಿಂಟ್ ಅಕ್ಷರಕ್ಕೆ ಸಾಲಿಂದ ಸಾಲಿಗೆ 29 ಪಾಯಿಂಟ್. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಡಿಸು ಮೇಲೇಳುತ್ತೆ. ಮೇಲಿನ ಸಾಲಿನ ‘ಜ್ಜಿ’ಯ ಒತ್ತು ಕೆಳಗಿನ ಸಾಲಿನ ‘ಬೆ’ಯ ತಲೆಗೆ ತಾಗಿತ್ತು. ನಮಗೆ ಪದ ಮೊದಲೇ ಗೊತ್ತಿತ್ತು, ಹಾಗಾಗಿ ಕಣ್ಣಿಗೆ ಬೀಳಲಿಲ್ಲ. ಆ ಮಗು ಮಾತ್ರ ಕಂಡಷ್ಟನ್ನೇ ಓದಿತ್ತು.

ಮತ್ತೆ ಮಾಡಿದ್ವಿ. ಪುಟ 7 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರ. ಅಕ್ಷರ 20 ಪಾಯಿಂಟ್, ಸಾಲಿಂದ ಸಾಲಿಗೆ 36. ನಾಲ್ಕು ಸಾಲಿಗೆ ಸುಮಾರು 5 ಸೆಂ.ಮೀ. ಬೇಕು, ಅಂದರೆ ಪುಟದ ಮೂರನೇ ಒಂದು ಭಾಗ. ಅಷ್ಟು ಜಾಗದಲ್ಲಿ ಬರೀ ತಿಳಿ ಬಣ್ಣದ ನೆಲವೋ ಆಕಾಶವೋ ಇರಲಿ ಅಂತ ಚಿತ್ರ ಬರೆಯೋಳಿಗೆ ಮೊದಲೇ ಹೇಳಿದ್ವಿ. ಚಿತ್ರ ಮುಗಿದ ಮೇಲೆ ಹೇಳಿದ್ದರೆ ಮಳೆಗೆರೆಗಳ ಮೇಲೇ ಅಕ್ಷರ ಕೂರಿಸಬೇಕಾಗ್ತಿತ್ತು.

ನಷ್ಟವೂ ಇದೆ. ಒಂದು ಸಾಲಿಗೆ ಎರಡು ಮೂರು ಪದವಷ್ಟೇ ಹಿಡಿಯುತ್ತೆ. ನಮಗಿಷ್ಟವಾದ ಕೆಲವು ವಾಕ್ಯ ಹೋದವು, ಹನ್ನೆರಡು ಪುಟ ಹತ್ತೊಂಬತ್ತಾಯ್ತು. ಪ್ರಿಂಟಿಗೆ ತೊಂದರೆ ಇಲ್ಲ: ಅಡ್ಡ ಎ4ನಲ್ಲಿ ಎರಡು ಪುಟ ಅಕ್ಕಪಕ್ಕ ಕೂರುತ್ತವೆ, ಒಂದೂವರೆ ಪಟ್ಟು ದೊಡ್ಡದಾಗಿ.

ಎರಡನೇ ಸಲ ಅವಳು ‘ಅಜ್ಜಿ’ ಅಂತಲೇ ಓದಿದಳು. ‘ಕಪ್ಪೆಚಿಪ್ಪು’ ಹತ್ರ ನಿಂತು, ಒತ್ತಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಹೇಳಿದಳು. ನಿಜ ಹೇಳಬೇಕಂದ್ರೆ ನಾವೂ ಅಲ್ಲಿ ಹಾಗೇ ಓದೋದು. ಆದ್ದರಿಂದ ‘ದೊಡ್ಡ ಅಕ್ಷರದ ಪುಸ್ತಕ’ ಅಂತ ಹೆಸರಿಡೋ ಮುಂಚೆ ಅದನ್ನ ಫೋನಲ್ಲಿ ತೆರೆದು, ಜೂಮ್ ಮಾಡದೆ, ಕಥೆ ಗೊತ್ತಿಲ್ಲದ ಒಂದು ಮಗುವಿನ ಕೈಲಿ ಓದಿಸಿ.