ಘಾಟಿಗೆ ಕೆಮ್ಮದ ಎದೆ ಗಟ್ಟಿಯಲ್ಲ, ಸಾಹೇಬ್ರೆ

ಮಾನ್ಯ ಅಧಿಕಾರಿಗಳೇ,

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರ ಎದೆ ತಪಾಸಣೆಯ ವಿಷಯಕ್ಕೆ ಬರೆಯುತ್ತಿದ್ದೇನೆ. ಮೆಣಸಿನಕಾಯಿ ಸುಗ್ಗಿಗೆ ಮುಂಚೆ ಶಿಬಿರ ಮಾಡಿಸುತ್ತೇನೆ, ಬೀಡಿ ಬಿಡಿಸಲು ತಿಳಿದವರನ್ನು ಕಳಿಸುತ್ತೇನೆ ಎಂದು ತುಂಬಿದ ಸಭೆಯಲ್ಲಿ ಮಾತು ಕೊಟ್ಟಿರಿ. ಸುಗ್ಗಿ ಬಂದು ಹೋಯಿತು. ಅರ್ಜಿ ಕೊಟ್ಟೆವು, ಹಾವೇರಿಗೆ ಬಂದು ನಿಮ್ಮ ಬಾಗಿಲಲ್ಲಿ ಕಾದೆವು. ಅಷ್ಟರಲ್ಲಿ ಹಮಾಲನಾದ ನನ್ನ ತಮ್ಮ ನ್ಯುಮೋನಿಯಾ ಆಗಿ ರಾಣೆಬೆನ್ನೂರಿನ ಆಸ್ಪತ್ರೆ ಸೇರಿದ.

ನೀವು ಮಾತು ಕೊಟ್ಟ ಅದೇ ಸಭೆಯಲ್ಲಿ ಮೆಣಸಿನಕಾಯಿ ಚೀಲ ಸುರಿದಾಗ ಎದ್ದ ಘಾಟಿಗೆ ನೀವು ಕರವಸ್ತ್ರ ಹಿಡಿದು ಕೆಮ್ಮಿದಿರಿ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವ ನನ್ನ ತಮ್ಮ ಕೆಮ್ಮಲಿಲ್ಲ. "ನೋಡ್ರಿ, ಇವರ ಎದಿ ಎಷ್ಟು ಗಟ್ಟಿ ಐತಿ!" ಎಂದಿರಿ. ಎಲ್ಲರೂ ನಕ್ಕರು. ವಿಜ್ಞಾನ ಕಲಿಸಿದ ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅಂದು ಗಟ್ಟಿಯಾಗಿದ್ದದ್ದು ನಿಮ್ಮ ಎದೆ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವನ್ನೇ ವೈದ್ಯ ಸಂಶೋಧಕರು 1980ರ ದಶಕದಿಂದ ಕೆಮ್ಮಿನ ಪರೀಕ್ಷೆಗೆ ಬಳಸುತ್ತಿದ್ದಾರೆ. ಅದರ ತುಂತುರನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಉಸಿರಿಗೆ ಕೊಟ್ಟು, ಎಷ್ಟಕ್ಕೆ ಕೆಮ್ಮು ಬರುತ್ತದೆಂದು ನೋಡುತ್ತಾರೆ. ಗಂಟಲಲ್ಲಿ, ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಇರುವ ನರದ ತುದಿಗಳು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಆಗ ನಾವು ಗಾಳಿ ಎಳೆದುಕೊಳ್ಳುತ್ತೇವೆ, ಗಂಟಲ ಬಾಗಿಲು ಕ್ಷಣಮಾತ್ರ ಮುಚ್ಚುತ್ತದೆ, ಒಳಗೆ ಒತ್ತಡ ಏರುತ್ತದೆ, ಬಾಗಿಲು ಥಟ್ಟನೆ ತೆರೆದಾಗ ಗಾಳಿ ಕಸವನ್ನು ಹೊತ್ತುಕೊಂಡು ಹೊರಗೆ ನುಗ್ಗುತ್ತದೆ. ಇಂಥ ಪರೀಕ್ಷೆಯಲ್ಲಿ ಧೂಮಪಾನ ಮಾಡುವವರಿಗೆ, ಇನ್ನೂ ರೋಗವೇನೂ ಕಾಣದಿದ್ದಾಗಲೂ, ಈ ಕೆಮ್ಮು ಎಬ್ಬಿಸಲು ಹೆಚ್ಚು ಕ್ಯಾಪ್ಸೈಸಿನ್ ಬೇಕಾಯಿತು. ಹೊಗೆ ತಾಗಿತಾಗಿ ಆ ನರಗಳು ಮೊಂಡಾಗಿರಬೇಕು. ರೋಗ ಬೇರೂರಿದ ಮೇಲೆ ಕೆಮ್ಮು ಮತ್ತೆ ಜೋರಾಗುವುದುಂಟು. ನೀವು ಹೊಗಳಿದ್ದು ಈ ಮೊದಲ ಹಂತದ ಮೌನವನ್ನು.

ಕೆಮ್ಮಿಗೂ ಮುಂಚಿನ ಕಾವಲು ಇನ್ನೊಂದಿದೆ. ಶ್ವಾಸನಾಳದ ಒಳಗೋಡೆಯ ಒಂದೊಂದು ಜೀವಕೋಶದ ಮೇಲೂ ಸುಮಾರು ಇನ್ನೂರು ಸೂಕ್ಷ್ಮ ರೋಮಗಳು, ಅವುಗಳ ಮೇಲೆ ತೆಳುವಾದ ಲೋಳೆಯ ಹೊದಿಕೆ. ಗಾಳಿಗೆ ಬಾಗುವ ಜೋಳದ ಹೊಲದ ಹಾಗೆ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬಾಗಿ ಎದ್ದು, ಧೂಳು ರೋಗಾಣು ಅಂಟಿದ ಲೋಳೆಯನ್ನು ನಿಮಿಷಕ್ಕೆ ಅರ್ಧ ಸೆಂಟಿಮೀಟರಿನಷ್ಟು ಮೇಲಕ್ಕೆ ತಳ್ಳುತ್ತವೆ. ಗಂಟಲಿಗೆ ಬಂದದ್ದನ್ನು ಅರಿವಿಲ್ಲದೆ ನುಂಗಿಬಿಡುತ್ತೇವೆ. ಬೀಡಿಯ ಹೊಗೆ ಈ ರೋಮಗಳನ್ನು ಜಡಗೊಳಿಸುತ್ತದೆ, ಗಿಡ್ಡ ಮಾಡುತ್ತದೆ, ವರ್ಷಗಟ್ಟಲೆ ಸೇದಿದರೆ ಅಲ್ಲಲ್ಲಿ ರೋಮವೇ ಇಲ್ಲದ ಬೋಳು ಗೋಡೆ ಉಳಿಯುತ್ತದೆ. ಅದರ ಜೊತೆಗೆ ಲೋಳೆ ಮಾಡುವ ಕೋಶಗಳು ಹೆಚ್ಚುತ್ತವೆ. ಲೋಳೆ ಜಾಸ್ತಿ, ಸಾಗಿಸುವವರು ಕಡಿಮೆ. ನಿಂತ ಲೋಳೆಯಲ್ಲಿ ರೋಗಾಣು ಬೆಳೆಯುತ್ತದೆ. ತಮ್ಮನಿಗೆ ಬಂದ ನ್ಯುಮೋನಿಯಾ ಅವನಿಗೆ ಮಾತ್ರ ಬರುವಂಥದ್ದಲ್ಲ, ಬೀಡಿ ಸೇದುವ ಯಾವ ಹಮಾಲನಿಗೂ ಬರಬಹುದಾದದ್ದು.

ರೋಮಗಳು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ದೊಡ್ಡ ಯಂತ್ರವೂ ಬೇಡವಾಗಿತ್ತು. ಮೂಗಿನ ಒಳಗೋಡೆಯಲ್ಲೂ ಇಂಥದೇ ರೋಮಗಳಿವೆ. ಅಲ್ಲೊಂದು ಸ್ಯಾಕರಿನ್ ಚೂರಿಟ್ಟು, ಸೀನದೆ ಸೆಳೆಯದೆ ಕೂರಿಸಿ, ಗಂಟಲಿಗೆ ಸಿಹಿ ಎಷ್ಟು ಹೊತ್ತಿಗೆ ಮುಟ್ಟಿತೆಂದು ಗಡಿಯಾರ ನೋಡಿದರೆ ಆಯಿತು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷದೊಳಗೆ ಮುಟ್ಟುತ್ತದೆ. ಅರ್ಧ ಗಂಟೆ ದಾಟಿದರೆ ಸಾಗಾಟ ಕೆಟ್ಟಿದೆ ಎನ್ನಬೇಕು. ನೆಗಡಿಯಾದವರಿಗೂ ತಡವಾಗುವುದರಿಂದ ಅವರನ್ನು ಬಿಡಬೇಕು, ಅಷ್ಟೆ. ಇಷ್ಟನ್ನೂ ನೀವು ಮಾಡಿಸಲಿಲ್ಲ. ಸುಗ್ಗಿಗೆ ಮುಂಚೆ ಎಂದವರು ನೀವೇ.

ಬೀಡಿ ಬಿಡಿಸಲು ತಿಳಿದವರನ್ನು ಕಳಿಸದೆ ಹೋದದ್ದರ ಪೆಟ್ಟು ಅದಕ್ಕಿಂತ ದೊಡ್ಡದು. ಧೂಮಪಾನ ಬಿಟ್ಟ ಎರಡೇ ವಾರದಲ್ಲಿ ಕೆಮ್ಮಿನ ನರ ಚುರುಕಾಗುವುದನ್ನು ಸಂಶೋಧಕರು ಅಳೆದಿದ್ದಾರೆ. ರೋಮಗಳೂ ಮೆಲ್ಲಗೆ ಚೇತರಿಸುತ್ತವೆ, ಕೂತ ಕಫ ಕದಲುತ್ತದೆ. ಹಾಗಾಗಿ ಬಿಟ್ಟವನಿಗೆ ಕೆಲವು ವಾರ ಕೆಮ್ಮು ಹೆಚ್ಚಬಹುದು. ನನ್ನ ತಮ್ಮ ಕಳೆದ ವರ್ಷ ಬಿಟ್ಟಿದ್ದ. ಕೆಮ್ಮು ಶುರುವಾಯಿತು. "ಅಕ್ಕಾ, ಬೀಡಿ ಬಿಟ್ಟಿದ್ದಕ್ಕ ಎದಿ ಕೆಟ್ಟೈತಿ" ಎಂದು ಮತ್ತೆ ಹಚ್ಚಿದ. ಇದು ಗುಣವಾಗುವ ಕೆಮ್ಮು ಕಣೋ, ತಡಿ ಎಂದೆ. ಅಕ್ಕನ ಮಾತು ಅವನಿಗೆ ನಾಟಲಿಲ್ಲ. ನಿಮ್ಮವರೊಬ್ಬರು ಬಂದು ಹೇಳಿದ್ದರೆ ನಾಟುತ್ತಿತ್ತು ಸ್ವಾಮಿ.

ಈಗಲಾದರೂ ಬನ್ನಿ. ಮಾತು ಕೊಟ್ಟ ಶಿಬಿರಕ್ಕೆ ದಿನಾಂಕ ಕೊಡಿ, ಬರವಣಿಗೆಯಲ್ಲಿ ಕೊಡಿ. ಬೀಡಿ ಬಿಟ್ಟವರನ್ನು ಮೊದಲ ತಿಂಗಳು ವಾರವಾರ ಕಾಣುವವರು ಒಬ್ಬರಿರಲಿ. ಎರಡು ವಾರ ದಾಟಿದ ಕೆಮ್ಮಾದರೆ ಬೀಡಿ ಬಿಟ್ಟದ್ದಕ್ಕೆ ಎಂದು ತಳ್ಳಿಹಾಕದೆ ಕ್ಷಯಕ್ಕೆ ಕಫ ಪರೀಕ್ಷೆಯೂ ಆಗಲಿ. ಮಕ್ಕಳು ಬೀಡಿ ಹಚ್ಚದಂತೆಯೂ ನೋಡಿಕೊಳ್ಳಿ: ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯೇ ಹೇಳುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಟೇಪು ಹಿಡಿದು ನೀವೇ ಅಳೆಯಿರಿ. ಹಮಾಲನ ಎದೆಯನ್ನು ಹೊಗಳಿ ಎದ್ದುಹೋಗಲು ನಿಮಗೆ ಸಂಬಳ ಕೊಡುತ್ತಿಲ್ಲ.

ಇಂತಿ,
ಬ್ಯಾಡಗಿಯ ಒಬ್ಬ ನಿವೃತ್ತ ಶಿಕ್ಷಕಿ