ಊಟದ ಹಾಲಿನ ಸದ್ದು, ಐದನೇ ಅವಧಿಯ ಮೌನ

ನಮ್ಮ ಪಾಠ ವೀಕ್ಷಣಾ ಹಾಳೆಯಲ್ಲಿ ‘ತರಗತಿ ಚಟುವಟಿಕೆಯಿಂದ ಕೂಡಿತ್ತೇ?’ ಎಂಬ ಕಲಂ ಇದೆ. ಸದ್ದು ಎಷ್ಟಿತ್ತು, ಅದರಿಂದ ಯಾರಾದರೂ ತತ್ತರಿಸಿದರೇ ಎಂದು ಕೇಳುವ ಕಲಂ ಇಲ್ಲ. ಇರಬೇಕೆಂದು ನನ್ನ ಅಭಿಪ್ರಾಯ.

ಅಮೆರಿಕದ ಮನೋವಿಜ್ಞಾನಿ ಎಲೇನ್ ಆರನ್ 1996ರಲ್ಲಿ ತಮ್ಮ ಪುಸ್ತಕದ ಮೂಲಕ ‘ಅತಿ ಸಂವೇದನಾಶೀಲ ವ್ಯಕ್ತಿ’ ಎಂಬ ಕಲ್ಪನೆಯನ್ನು ಪರಿಚಯಿಸಿದರು. ಸದ್ದು, ಬೆಳಕು, ವಾಸನೆ, ಎದುರಿನವರ ಮುಖಭಾವ ಎಲ್ಲವೂ ಇವರಿಗೆ ಆಳವಾಗಿ ತಟ್ಟುತ್ತವೆ, ಆದ್ದರಿಂದ ಬೇಗ ದಣಿಯುತ್ತಾರೆ. ಅವರ ಅಂದಾಜಿನಂತೆ ನೂರರಲ್ಲಿ 15ರಿಂದ 20 ಮಂದಿ ಹೀಗಿರುತ್ತಾರೆ. ಇದು ಸ್ವಭಾವ, ಕಾಯಿಲೆಯಲ್ಲ. ನಾಚಿಕೆಯೂ ಅಲ್ಲ, ಇವರಲ್ಲಿ ವಾಚಾಳಿಗಳೂ ಇದ್ದಾರೆ.

ನಾನು ಅಭ್ಯಾಸ ಬೋಧನೆಗೆ ಹೋದ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಅವಧಿಯಲ್ಲಿ ಚುರುಕಾಗಿ ಉತ್ತರಿಸುತ್ತಿದ್ದಳು. ಐದನೇ ಅವಧಿಗೆ ಡೆಸ್ಕಿನ ಮೇಲೆ ತಲೆಯಿಟ್ಟು ತಲೆನೋವು ಅನ್ನುತ್ತಿದ್ದಳು. ‘ಊಟದ ಮಂಪರು’ ಎಂದರು ಕೆಲವರು. ಹಾಲಿಗೆ ಸುಣ್ಣ ಬಳಿಯುತ್ತಿದ್ದ ಎರಡು ದಿನ ಮಕ್ಕಳಿಗೆ ಜಗಲಿಯಲ್ಲಿ ಬಿಸಿಯೂಟ ಬಡಿಸಿದರು. ಊಟ ಅದೇ, ಹೊತ್ತು ಅದೇ, ಅವಳು ಮಾತ್ರ ಎಚ್ಚರವಾಗಿದ್ದಳು. ಹಾಗಾದರೆ ಕಾರಣ ಅನ್ನವಲ್ಲ, ಹಾಲು. ತಗಡಿನ ಮಾಡು, ಸಿಮೆಂಟ್ ನೆಲ, ಸ್ಟೀಲ್ ತಟ್ಟೆ ಇರುವಲ್ಲಿ ಸದ್ದು ಇಂಗಲು ಜಾಗವಿಲ್ಲ. ಗದ್ದಲ ಏರಿದಂತೆ ಪ್ರತಿಯೊಬ್ಬರೂ ದನಿ ಏರಿಸುತ್ತಾರೆ, ಗದ್ದಲ ಇನ್ನೂ ಬೆಳೆಯುತ್ತದೆ.

ತರಗತಿ ಶಿಕ್ಷಕಿಯವರ ಒಪ್ಪಿಗೆ ಪಡೆದು ಅವಳನ್ನೇ ಕೇಳಿದೆವು. ‘ತಟ್ಟೆ ಸದ್ದು ತಲೆ ಒಳಗೇ ಆಗ್ತದೆ ಮಿಸ್’ ಅಂದಳು. ಸಾಲಿನ ಮೊದಲಿಗೇ ಬಂದು ಬಾಗಿಲ ಪಕ್ಕ, ಗೋಡೆಗೆ ಬೆನ್ನಾಗಿ ಕೂರುವಂತೆ ಮಾಡಿದೆವು. ಸದ್ದು ಎಲ್ಲ ದಿಕ್ಕಿನಿಂದಲೂ ಎರಗದಿದ್ದರೆ ಅರ್ಧ ಹೊರೆ ಕಡಿಮೆ. ಒಬ್ಬಂಟಿಯೆಂದು ಎದ್ದು ಕಾಣದಿರಲಿ ಎಂದು ಗೆಳತಿಯೂ ಜೊತೆಗಿದ್ದಳು. ಊಟವಾದ ಮೇಲೆ ಐದು ನಿಮಿಷ ಬೇವಿನ ಮರದ ಕೆಳಗೆ: ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಹೊರಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ, ಅದನ್ನು ಜೀವಶಾಸ್ತ್ರದಲ್ಲಿ ನಾವೇ ಓದಿದ್ದೇವೆ. ಎರಡನೇ ವಾರಕ್ಕೆ ಐದನೇ ಅವಧಿಯಲ್ಲಿ ಕೈ ಎತ್ತತೊಡಗಿದಳು.

ವಾರ್ಷಿಕೋತ್ಸವದ ತಾಲೀಮಿನ ಮೈಕಿಗೆ ಇದಾವುದೂ ಸಾಲಲಿಲ್ಲ. ಹಿಂದಿನ ದಿನವೇ ತಿಳಿಸಿ, ತಾಳಲಾಗದಿದ್ದರೆ ಹೊರಹೋಗಲು ಒಂದು ಸನ್ನೆ ಗೊತ್ತುಮಾಡಿಕೊಂಡೆವು. ಕಿವಿಗೆ ಇಯರ್‌ಪ್ಲಗ್ ಆ ಹೊತ್ತಿಗಷ್ಟೇ. ದಿನವಿಡೀ ಮುಚ್ಚಿಟ್ಟರೆ ಸಾಮಾನ್ಯ ಸದ್ದೂ ಜೋರಾಗಿ ಕೇಳತೊಡಗುತ್ತದೆ. ಸಣ್ಣ ಸದ್ದಿಗೂ ಕಿವಿ ನೋಯುವ ಮಗು, ಗದ್ದಲದ ಭಯಕ್ಕೆ ಶಾಲೆಯನ್ನೇ ಬಿಡುವ ಮಗು ಇದ್ದರೆ ನಮ್ಮ ಉಪಾಯಗಳನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಬೇಕು. ‘ಸ್ವಭಾವ’ ಎಂಬ ಹಣೆಪಟ್ಟಿ ಅಲ್ಲಿ ಅಪಾಯಕಾರಿ.

ಊಟಕ್ಕೆ ಎರಡು ಪಾಳಿ ಮಾಡಿದರೆ ಬಡಿಸುವವರೂ ಕಿರುಚಬೇಕಿಲ್ಲ. ನಮ್ಮ ಗುಂಪು ಚಟುವಟಿಕೆಗೂ ಇದೇ ಲೆಕ್ಕ: ಎಂಟು ಗುಂಪು ಒಟ್ಟಿಗೆ ಚರ್ಚಿಸುವ ಬದಲು ನಾಲ್ಕು ಮಾತಾಡಲಿ, ನಾಲ್ಕು ಬರೆಯಲಿ, ಆಮೇಲೆ ಅದಲುಬದಲಾಗಲಿ. ವೀಕ್ಷಕರು ಆ ಬರೆಯುವ ನಾಲ್ಕು ಗುಂಪನ್ನೂ ‘ಚಟುವಟಿಕೆ’ ಎಂದೇ ಎಣಿಸಿ ಅಂಕ ಕೊಡಲಿ.