ಹೆಸರು ನಾಲ್ಕು, ದುಡಿಮೆ ಮೂರು

ಅಂತಿಮ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟ್‌ಗಳ ವೈವಾ ಮುಗಿಯುತ್ತಿದ್ದಂತೆ ಕಾಲೇಜು ಕ್ಯಾಂಟೀನುಗಳಲ್ಲಿ ಒಂದೇ ಜಗಳ: ಏನೂ ಮಾಡದವನಿಗೂ ನಮ್ಮಷ್ಟೇ ಮಾರ್ಕ್ಸ್ ಬಂತಲ್ಲ! ಬೈಗುಳವೆಲ್ಲ ಆ ಸೋಮಾರಿಗೇ ಮೀಸಲು. ನನ್ನ ತಕರಾರು ಇನ್ನಿಬ್ಬರ ಮೇಲೆ. ಅವನ ಪಾಲಿನ ಕೆಲಸವನ್ನು ನಿದ್ದೆಗೆಟ್ಟು ತಾನೇ ಮುಗಿಸಿಕೊಟ್ಟ ಟೀಮ್ ಲೀಡರ್ ಒಬ್ಬರು; ಗೊತ್ತಿದ್ದೂ ನಾಲ್ವರಿಗೂ ಒಂದೇ ಅಂಕ ಬರೆದ ಗೈಡ್ ಇನ್ನೊಬ್ಬರು.

ಒಂದು ಬ್ಯಾಚ್ ಊಹಿಸಿಕೊಳ್ಳಿ. ಅಡಿಕೆ ಎಲೆಯ ಫೋಟೊ ನೋಡಿ ರೋಗ ಗುರುತಿಸುವ ಆ್ಯಪ್ ಮಾಡಬೇಕು. 'ನೀನೇ ಲೀಡರ್ ಆಗೇ, ನಿನಗೇ ಚೆನ್ನಾಗಿ ಬರುತ್ತೆ' ಎಂದು ಮೂವರೂ ಕೈಯೆತ್ತಿದರು. ಇಂಥ ಚುನಾವಣೆಗಳಲ್ಲಿ ಗೆದ್ದವರಿಗೆ ಸಿಗುವುದು ಬಹುತೇಕ ಕೂಲಿಯಿಲ್ಲದ ದುಡಿಮೆ. ಲೀಡರ್ ಯಾರ ಅಂಕವನ್ನೂ ಕತ್ತರಿಸಲಾರಳು, ಯಾರನ್ನೂ ಬ್ಯಾಚಿನಿಂದ ಹೊರಹಾಕಲಾರಳು. ಕೆಲಸ ಹಂಚುವುದು, ಹಂಚಿದ್ದನ್ನು ಬರೆದಿಡುವುದು, ಇಷ್ಟೇ ಅವಳ ಕೈಯಲ್ಲಿರುವುದು. ಬರೆದಿಡುವ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ.

'ಫೋಟೊ ನೀನು ನೋಡ್ಕೋ' ಎಂದರೆ ಅದು ಹಂಚಿಕೆಯಲ್ಲ. ಮೂರನೇ ವಾರದೊಳಗೆ 400 ಫೋಟೊ, ಪ್ರತಿಯೊಂದಕ್ಕೂ ರೋಗದ ಹೆಸರು ಹಚ್ಚಿ, ಎಲ್ಲರೂ ತೆರೆಯಬಹುದಾದ ಡ್ರೈವ್‌ನಲ್ಲಿ ಇಡಬೇಕು ಎಂದು ಬರೆದರೆ ಹಂಚಿಕೆ. ಮೂರನೇ ವಾರ ನೋಡಿದರೆ 60 ಫೋಟೊ ಇವೆ, ಹೆಸರು ಒಂದಕ್ಕೂ ಇಲ್ಲ. ಆಗ ಗ್ರೂಪಿನಲ್ಲಿ ಮಾನ ಕಳೆಯದೆ ಅವನೊಬ್ಬನನ್ನೇ ಕೂರಿಸಿ ಕೇಳಬೇಕು. ರಾತ್ರಿ ಎಲ್ಲೋ ದುಡಿಯುತ್ತಿರಬಹುದು. ಎಲೆಚುಕ್ಕೆಗೂ ಗೊಬ್ಬರದ ಕೊರತೆಯಿಂದ ಹಳದಿಯಾದ ಎಲೆಗೂ ವ್ಯತ್ಯಾಸ ತಿಳಿಯದೆ, ಹೇಳಿಕೊಳ್ಳಲು ನಾಚಿ ಸುಮ್ಮನಿರಬಹುದು. ಹಾಗಿದ್ದರೆ ಅವನಿಂದಾಗುವ ಬೇರೆ ಕೆಲಸ ಕೊಡಿ. ಬದಲಿಸಿ ಕೊಟ್ಟ ಕೆಲಸದ ಗಡುವೂ ದಾಟಿತೆನ್ನಿ, ಅದು ಇನ್ನು ಕಷ್ಟವಲ್ಲ, ಕಳ್ಳಾಟ. ಗೈಡ್‌ಗೂ ಪ್ರತಿ ಕಳಿಸಿ ಒಂದು ವಾರದ ಲಿಖಿತ ಎಚ್ಚರಿಕೆ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಮುಂದಿನ ರಿವ್ಯೂನಲ್ಲಿ ಆ ಭಾಗವನ್ನು ಖಾಲಿ ಬಿಟ್ಟು, ಇದು ಯಾರ ಪಾಲಿನದು ಎಂದು ಹೇಳಬೇಕು.

ಖಾಲಿ ಬಿಡುವುದಕ್ಕೇ ಲೀಡರ್‌ಗಳಿಗೆ ಕೈ ಬರುವುದಿಲ್ಲ. 'ನಮ್ಮ ಮಾರ್ಕ್ಸೂ ಹೋಗುತ್ತಲ್ಲ ಸರ್' ಎನ್ನುತ್ತಾರೆ. ಮೊದಲ ರಿವ್ಯೂನಲ್ಲಿ ಸ್ವಲ್ಪ ಹೋಗಬಹುದು, ನಿಜ. ಆದರೆ ತುಂಬಿಕೊಟ್ಟ ಕ್ಷಣವೇ ಸಾಕ್ಷಿ ಅಳಿಸಿಹೋಗುತ್ತದೆ; ವೈವಾ ಹಿಂದಿನ ದಿನ ಕೊಟ್ಟ ದೂರು ಬರೀ ಹೊಟ್ಟೆಯುರಿಯಂತೆ ಕೇಳಿಸುತ್ತದೆ. 2004ರಲ್ಲಿ ಅಮೆರಿಕದ ಬಾರ್ಬರಾ ಓಕ್ಲಿ ಮತ್ತು ಸಂಗಡಿಗರು ವಿದ್ಯಾರ್ಥಿ ತಂಡಗಳಿಗೆಂದು ಬರೆದ ಕ್ರಮ ಹೆಚ್ಚುಕಡಿಮೆ ಇದೇ ದಾರಿಯದು: ದುಡಿಯದವರ ಹೆಸರನ್ನು ಸಲ್ಲಿಕೆಯಲ್ಲಿ ಹಾಕಬೇಡಿ, ಆಮೇಲೆ ಲಿಖಿತ ಎಚ್ಚರಿಕೆ, ಕೊನೆಗೆ ತಂಡದಿಂದ ವಜಾ. ಹೊರೆಯೆಲ್ಲ ಹೊತ್ತವರು ತಾವೇ ತಂಡ ಬಿಡುವ ಅವಕಾಶವೂ ಅಲ್ಲಿತ್ತು. ನೋಂದಣಿಯಾದ ಬ್ಯಾಚನ್ನು ಒಡೆಯಲು ಕಾಲೇಜು ಒಪ್ಪದಿದ್ದರೆ ಉಳಿಯುವುದು ಅಂಕದ ದಾರಿ, ಅದು ಗೈಡ್ ಕೈಯಲ್ಲಿದೆ.

ಅದಕ್ಕೂ ಸಿದ್ಧ ಲೆಕ್ಕವಿದೆ. ಕೌಫ್‌ಮನ್, ಫೆಲ್ಡರ್ ಮತ್ತು ಫುಲ್ಲರ್ 2000ದಲ್ಲಿ ವಿವರಿಸಿದ ಪದ್ಧತಿಯಲ್ಲಿ ಪ್ರತಿಯೊಬ್ಬರೂ ತಮ್ಮನ್ನೂ ಸೇರಿಸಿ ಎಲ್ಲರಿಗೂ ಗುಟ್ಟಾಗಿ ಅಂಕ ಕೊಡುತ್ತಾರೆ. ಒಬ್ಬನಿಗೆ ಬಂದ ಸರಾಸರಿಯನ್ನು ತಂಡದ ಸರಾಸರಿಯಿಂದ ಭಾಗಿಸಿ, ಬಂದದ್ದರಿಂದ ತಂಡದ ಅಂಕವನ್ನು ಗುಣಿಸಬೇಕು, ಗುಣಕ 1.05 ಮೀರುವಂತಿಲ್ಲ. ನಮ್ಮ ಬ್ಯಾಚಿನ ನಾಲ್ವರಿಗೆ 90, 85, 80, 45 ಬಂದರೆ ತಂಡದ ಸರಾಸರಿ 75. ಪ್ರಾಜೆಕ್ಟ್‌ಗೆ 80 ಅಂಕವಾದರೆ ಮೊದಲ ಮೂವರಿಗೆ 84, ನಾಲ್ಕನೆಯವನಿಗೆ 48. ದುಡಿದವರಿಗೆ ದೊಡ್ಡ ಬಹುಮಾನವೇನೂ ಇಲ್ಲ, ಕುಳಿತು ತಿಂದವನಿಗೆ ನೋವಿದೆ. ನನಗಂತೂ ಈ ಅಸಮತೋಲನ ಇಷ್ಟ.

ಮೂವರು ಹಾಸ್ಟೆಲ್ ಗೆಳೆಯರು ಸೇರಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ನಾಲ್ಕನೆಯವಳನ್ನು ಕೆಳಗಿಳಿಸಿದರೆ? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಜಾತಿ, ಭಾಷೆ, ಲಿಂಗ ಎಲ್ಲವೂ ಆ ಗುಟ್ಟಿನ ಚೀಟಿಯೊಳಗೆ ನುಸುಳಬಲ್ಲವು. ಗಿಟ್‌ಹಬ್ ಕಮಿಟ್ ಎಣಿಸಿ ನ್ಯಾಯ ಹೇಳುತ್ತೇವೆ ಎನ್ನುವವರೂ ಇದ್ದಾರೆ. ತೋಟ ತೋಟ ತಿರುಗಿ ಎಲೆಯ ಫೋಟೊ ತೆಗೆದವಳ ಹೆಸರು ಅಲ್ಲಿ ಒಂದು ಸಲವೂ ಕಾಣದು. ಆದ್ದರಿಂದ ಚೀಟಿಯ ಅಂಕವನ್ನು ಲೀಡರ್ ಬರೆದಿಟ್ಟ ಹಂಚಿಕೆ ಪಟ್ಟಿಯ ಜೊತೆಗಿಟ್ಟು ನೋಡಬೇಕು. ಎರಡೂ ತಾಳೆಯಾಗದಿದ್ದರೆ ಗೈಡ್ ಒಬ್ಬೊಬ್ಬರನ್ನೇ ಕರೆದು ಕಾಲು ಗಂಟೆ ಪ್ರಶ್ನೆ ಕೇಳಲಿ. ಈ 400 ಫೋಟೊಗಳಲ್ಲಿ ಎಷ್ಟನ್ನು ಕೈಬಿಟ್ಟಿರಿ, ಏಕೆ? ಕೆಲಸ ಮಾಡಿದವರಿಗೆ ಇದಕ್ಕೆ ಉತ್ತರ ಹೇಳಲು ಪಿಪಿಟಿ ಬೇಕಾಗುವುದಿಲ್ಲ. ಕಾಲು ಗಂಟೆಗೂ ಪುರುಸೊತ್ತಿಲ್ಲ ಎನ್ನುವ ಗೈಡ್, ಮುಖಪುಟದಲ್ಲಿ ಮಾರ್ಗದರ್ಶಕರೆಂದು ತಮ್ಮ ಹೆಸರು ಹಾಕಿಸಿಕೊಳ್ಳುವಾಗ, ಆ ಬ್ಯಾಚಿನ ಐದನೆಯ ಪುಕ್ಕಟೆ ಸದಸ್ಯರಾಗಿರುತ್ತಾರೆ.